‘ಸೋತರೆ ದುಪ್ಪಟ್ಟು ಹಾಕಿ, ನಷ್ಟವೇ ಇಲ್ಲ’ ಎನ್ನುವ ಫಾರ್ವರ್ಡ್ ನಿಜವೇ? ತಿಂಗಳಿಗೆ 1,000 ರೂಪಾಯಿ ಇಟ್ಟುಕೊಂಡು ರೇಸ್‌ಗೆ ಹೋಗುವವರ ಲೆಕ್ಕ

ಈ ಮೆಸೇಜ್ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ‘ಬ್ಯಾಂಕ್‌ರೋಲ್ ಸೂತ್ರ. ಕೇವಲ 1,000 ರೂ.ನಿಂದ ಶುರು ಮಾಡಿ. ಮೊದಲು 50 ಹಾಕಿ. ಸೋತರೆ 100, ಮತ್ತೆ ಸೋತರೆ 200, ಮತ್ತೆ ಸೋತರೆ 400. ಗೆದ್ದ ತಕ್ಷಣ ಹಳೆಯ ನಷ್ಟವೆಲ್ಲ ವಾಪಸ್, ಮೇಲೆ 50 ಲಾಭ. ದಿನಾ ಒಂದು ಸಲ ಸಾಕು.’ ಕೆಳಗೆ ಹತ್ತು ದಿನದಲ್ಲಿ 500 ರೂ. ಲಾಭ ಬಂದ ಸ್ಕ್ರೀನ್‌ಶಾಟ್. ನಮ್ಮ ಮನೆಯ ಗ್ರೂಪ್‌ಗೆ ಇದು ಬಂದಾಗ ಇಬ್ಬರು ಹಿರಿಯರು ಹೆಬ್ಬೆರಳು ಎತ್ತಿದ ಗುರುತು ಹಾಕಿದ್ದರು. ಸ್ಕ್ರೀನ್‌ಶಾಟ್ ಸುಳ್ಳಾಗಿರಬೇಕು ಎಂದು ನಾನು ಮೊದಲು ಅಂದುಕೊಂಡೆ. ಲೆಕ್ಕ ಹಾಕಿ ನೋಡಿದರೆ ಅದು ನಿಜವೇ ಆಗಿರಬಹುದು, ಮೋಸ ಇರುವುದು ಬೇರೆ ಕಡೆ.

ಬ್ಯಾಂಕ್‌ರೋಲ್, ಯೂನಿಟ್, ಲಾಸ್ ಲಿಮಿಟ್ ಎನ್ನುವ ಮೂರು ಪದಗಳು ನಿಜಕ್ಕೂ ಇವೆ. ಆದರೆ ಅವು ಗೆಲ್ಲುವ ಸೂತ್ರಗಳಲ್ಲ. ಎಷ್ಟು ಸೋಲಬಹುದು, ಎಷ್ಟು ನಿಧಾನವಾಗಿ ಸೋಲಬಹುದು ಎನ್ನುವುದನ್ನು ಮೊದಲೇ ನಿಗದಿ ಮಾಡಿಕೊಳ್ಳುವ ವಿಧಾನಗಳು, ಅಷ್ಟೇ. ಸಿನಿಮಾಕ್ಕೆ ಹೋದಂತೆ ತಿಂಗಳಿಗೆ ಒಂದೆರಡು ಸಲ ರೇಸ್‌ಕೋರ್ಸ್‌ಗೆ ಹೋಗುವ, ಸಣ್ಣ ಸಂಬಳದ ಒಬ್ಬರನ್ನು ಇಟ್ಟುಕೊಂಡು ಇದನ್ನು ನೋಡೋಣ.

ಅದಕ್ಕೂ ಮೊದಲು ಒಂದು ಮಾತು. ಇಲ್ಲಿ ಕುದುರೆ ರೇಸ್ ಉದಾಹರಣೆ ತೆಗೆದುಕೊಂಡದ್ದಕ್ಕೆ ಕಾರಣವಿದೆ. ಕುದುರೆ ರೇಸ್ ಕೌಶಲ್ಯದ ಆಟ ಎಂದು ಸುಪ್ರೀಂ ಕೋರ್ಟ್ 1996ರಲ್ಲಿ ಹೇಳಿದೆ, ಹಾಗಾಗಿ ಪರವಾನಗಿ ಇರುವ ರೇಸ್ ಕ್ಲಬ್‌ನ ಒಳಗೆ ಬೆಟ್ ಕಟ್ಟುವುದು ಕಾನೂನುಬದ್ಧ. ಕ್ರಿಕೆಟ್ ಬೆಟ್ಟಿಂಗ್ ಹಾಗಲ್ಲ. ಮೊಬೈಲ್‌ನಲ್ಲಿ ಹಣ ಕಟ್ಟಿ ಆಡಿಸುವ ಆಟಗಳನ್ನು, ಅವುಗಳ ಜಾಹೀರಾತನ್ನು, ಅವುಗಳಿಗೆ ಬ್ಯಾಂಕ್ ಮೂಲಕ ಹಣ ಸಾಗಿಸುವುದನ್ನು ನಿಷೇಧಿಸುವ ಕಾಯ್ದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿದೆ. ಫಾರ್ವರ್ಡ್ ಜೊತೆ ಬರುವ ಆ್ಯಪ್ ಲಿಂಕ್‌ನಲ್ಲಿ ನೀವು ಎಷ್ಟೇ ಶಿಸ್ತಿನ ಬ್ಯಾಂಕ್‌ರೋಲ್ ಇಟ್ಟರೂ, ಗೆದ್ದ ಹಣ ಕೊಡದೆ ಅಕೌಂಟ್ ಮುಚ್ಚಿದರೆ ಹೋಗಿ ಕೇಳುವ ಜಾಗವೇ ಇರುವುದಿಲ್ಲ.

ಬ್ಯಾಂಕ್‌ರೋಲ್ ಎಂದರೆ ಯಾವ ಹಣ?

ಲೆಕ್ಕಕ್ಕಾಗಿ ಒಬ್ಬರನ್ನು ಕಲ್ಪಿಸಿಕೊಳ್ಳೋಣ. ಹೆಸರು ಮಂಜುನಾಥ್, ಪೀಣ್ಯದ ಒಂದು ವರ್ಕ್‌ಶಾಪ್‌ನಲ್ಲಿ ಕೆಲಸ, ಕೈಗೆ ಬರುವ ಸಂಬಳ 26,000 ರೂ. ಬಾಡಿಗೆ, ರೇಷನ್, ಮಗಳ ಸ್ಕೂಲ್ ಫೀಸ್, ಚೀಟಿ, ಗಾಡಿಯ ಇಎಂಐ, ಊರಿಗೆ ಕಳಿಸುವುದು ಎಲ್ಲ ಕಳೆದು, ಆಪತ್ತಿಗೆಂದು ಸ್ವಲ್ಪ ತೆಗೆದಿಟ್ಟ ಮೇಲೆ ತಿಂಗಳಿಗೆ 3,000 ರೂ. ಉಳಿಯುತ್ತದೆ. ಹೋಟೆಲ್, ಸಿನಿಮಾ, ಹಬ್ಬದ ಸಣ್ಣ ಖರ್ಚು ಎಲ್ಲ ಇದರಲ್ಲೇ. ಅದರಲ್ಲಿ 1,500 ರೂ. ರೇಸ್‌ಗೆ ಎಂದು ಅವರು ತೀರ್ಮಾನಿಸುತ್ತಾರೆ.

ಈ 1,500 ಪೂರ್ತಿ ಬ್ಯಾಂಕ್‌ರೋಲ್ ಅಲ್ಲ. ತಿಂಗಳಿಗೆ ಎರಡು ಸಲ ಹೋದರೆ ಬಸ್ ಅಥವಾ ಮೆಟ್ರೊ, ಪ್ರವೇಶ ಟಿಕೆಟ್, ರೇಸ್ ಪುಸ್ತಕ, ಒಂದು ಊಟ, ಎರಡು ಕಾಫಿ ಎಂದು ಖರ್ಚಿರುತ್ತದೆ. ಅದಕ್ಕೆ 500 ತೆಗೆದಿಟ್ಟರೆ ಬೆಟ್‌ಗೆ ಉಳಿಯುವುದು 1,000. ಈ 1,000 ಮಾತ್ರ ಬ್ಯಾಂಕ್‌ರೋಲ್. ಅನೇಕರು ಇಲ್ಲೇ ಎಡವುತ್ತಾರೆ. ಖರ್ಚನ್ನು ಬೇರೆ ಲೆಕ್ಕಕ್ಕೆ ಬರೆದು, ‘ಈ ತಿಂಗಳು ನನಗೆ ನಷ್ಟವೇ ಆಗಲಿಲ್ಲ’ ಎನ್ನುತ್ತಾರೆ.

ಒಂದು ಮೊತ್ತ ಬ್ಯಾಂಕ್‌ರೋಲ್ ಆಗಲು ಯೋಗ್ಯವೇ ಎಂದು ತಿಳಿಯಲು ಸುಲಭದ ಪರೀಕ್ಷೆಯಿದೆ. ಒಂದನೇ ತಾರೀಖಿನಂದೇ ಆ ಹಣ ಕಳೆದುಹೋಯಿತು ಎಂದುಕೊಳ್ಳಿ. ತಿಂಗಳ ಕೊನೆಯೊಳಗೆ ಮನೆಯಲ್ಲಿ ಯಾರಾದರೂ ಯಾವುದಾದರೂ ಅಗತ್ಯವನ್ನು ಬಿಡಬೇಕಾಗುತ್ತದೆಯೇ? ಹೌದಾದರೆ ಮೊತ್ತ ದೊಡ್ಡದಾಯಿತು. ಒಡವೆ ಗಿರವಿಯಲ್ಲಿದ್ದರೆ, ಕ್ರೆಡಿಟ್ ಕಾರ್ಡ್ ಬಾಕಿಗೆ ಬಡ್ಡಿ ಓಡುತ್ತಿದ್ದರೆ, ಸ್ನೇಹಿತರ ಕೈಸಾಲ ಇದ್ದರೆ ಬ್ಯಾಂಕ್‌ರೋಲ್ ಸೊನ್ನೆ. ಆ ಸಾಲಕ್ಕೆ ಕಟ್ಟಿದರೆ ಬಡ್ಡಿ ಖಚಿತವಾಗಿ ಉಳಿಯುತ್ತದೆ, ಅಷ್ಟು ಖಚಿತವಾದ ಲಾಭವನ್ನು ಯಾವ ಕುದುರೆಯೂ ಕೊಡುವುದಿಲ್ಲ. ಅಂದಹಾಗೆ, ಮನೆಯವರಿಗೆ ಹೇಳಲು ಹಿಂಜರಿಕೆಯಾಗುವ ಮೊತ್ತ ಕೂಡ ದೊಡ್ಡದೇ ಎಂಬುದು ನನ್ನ ಅಭಿಪ್ರಾಯ.

ಒಂದು ಬೆಟ್‌ಗೆ ಎಷ್ಟು?

ಯೂನಿಟ್ ಎಂದರೆ ಒಂದು ಬೆಟ್‌ಗೆ ಹಾಕುವ ನಿಗದಿತ ಮೊತ್ತ. ಬ್ಯಾಂಕ್‌ರೋಲ್‌ನ ಶೇ. 1ರಿಂದ 2 ಇರಲಿ ಎಂದು ಬೆಟ್ಟಿಂಗ್ ಪುಸ್ತಕಗಳು ಹೇಳುತ್ತವೆ. ಅದು ದೊಡ್ಡ ಬ್ಯಾಂಕ್‌ರೋಲ್ ಇರುವವರ ಮಾತು. 1,000 ರೂ.ಗೆ ಶೇ. 2 ಎಂದರೆ 20 ರೂಪಾಯಿ. ಕುದುರೆ ರೇಸ್‌ನಲ್ಲಿ ಹಣ ಕಟ್ಟಲು ಎರಡು ಜಾಗಗಳಿವೆ. ಒಂದು ಟೋಟ್, ಅಂದರೆ ಎಲ್ಲರ ಹಣವನ್ನು ಒಟ್ಟುಗೂಡಿಸಿ, ಕ್ಲಬ್‌ನ ಪಾಲು ಕಳೆದು, ಉಳಿದದ್ದನ್ನು ಗೆದ್ದವರಿಗೆ ಹಂಚುವ ಕೌಂಟರ್. ಇನ್ನೊಂದು ಒಳಗೇ ಇರುವ ಪರವಾನಗಿ ಪಡೆದ ಬುಕ್ಕಿಗಳು. ಬುಕ್ಕಿಗಳ ಹತ್ತಿರ ಸಣ್ಣ ಮೊತ್ತ ನಡೆಯುವುದು ಕಷ್ಟ, ಆದ್ದರಿಂದ ಸಣ್ಣ ಬಜೆಟ್‌ನವರಿಗೆ ಟೋಟ್ ಕೌಂಟರೇ ಗತಿ.

ಹಾಗಾಗಿ ಸಣ್ಣ ಬಜೆಟ್‌ನವರು ಲೆಕ್ಕವನ್ನು ತಿರುಗಿಸಿ ಹಾಕಬೇಕು. ಶೇಕಡಾವಾರು ಬಿಟ್ಟು, ‘ಈ ಹಣದಲ್ಲಿ ನನಗೆ ಎಷ್ಟು ಬೆಟ್ ಸಿಗಬೇಕು?’ ಎಂದು ಕೇಳಿಕೊಳ್ಳಬೇಕು. ಮಂಜುನಾಥ್ ಕಟ್ಟುವ ಕುದುರೆಗಳು ಸರಾಸರಿ ಐದರಲ್ಲಿ ಒಂದು ಸಲ ಗೆಲ್ಲುತ್ತವೆ ಎಂದಿಟ್ಟುಕೊಳ್ಳಿ. 200 ರೂ. ಯೂನಿಟ್ ಆದರೆ 1,000ಕ್ಕೆ ಐದು ಬೆಟ್. ಐದಕ್ಕೆ ಐದೂ ಸೋಲುವ ಸಾಧ್ಯತೆ ಶೇ. 33, ಅಂದರೆ ಸರಿಸುಮಾರು ಮೂರು ತಿಂಗಳಿಗೊಮ್ಮೆ ಒಂದೂ ಗೆಲುವು ಕಾಣದೆ ಹಣ ಖಾಲಿ. 100 ರೂ. ಆದರೆ ಹತ್ತು ಬೆಟ್, ಹತ್ತೂ ಸೋಲುವ ಸಾಧ್ಯತೆ ಒಂಬತ್ತರಲ್ಲಿ ಒಂದು. 50 ರೂ. ಆದರೆ ಇಪ್ಪತ್ತು ಬೆಟ್, ಇಪ್ಪತ್ತೂ ಸೋಲುವ ಸಾಧ್ಯತೆ ನೂರರಲ್ಲಿ ಒಂದಕ್ಕೆ ಇಳಿಯುತ್ತದೆ. ಕುದುರೆ ಬದಲಾಗಲಿಲ್ಲ, ಟಿಪ್ಸ್ ಬದಲಾಗಲಿಲ್ಲ, ಹಣವನ್ನು ಕತ್ತರಿಸಿದ ರೀತಿ ಮಾತ್ರ ಬದಲಾಯಿತು. ಆದ್ದರಿಂದ ಮಂಜುನಾಥ್‌ಗೆ 50 ರೂ. ಸರಿಯಾದ ಯೂನಿಟ್.

ಇಲ್ಲಿ ತೆರಿಗೆಯನ್ನು ಮರೆಯಬಾರದು. 2025ರ ಸೆಪ್ಟೆಂಬರ್ 22ರಿಂದ ಕುದುರೆ ರೇಸ್ ಬೆಟ್ಟಿಂಗ್ ಶೇ. 40ರ ಜಿಎಸ್‌ಟಿ ಹಂತದಲ್ಲಿದೆ. ಹಾಗಾಗಿ ಯೂನಿಟ್ ಎಂದರೆ ಟಿಕೆಟ್ ಮೇಲೆ ಅಚ್ಚಾದ ಬೆಟ್‌ನ ಮೊತ್ತ ಅಲ್ಲ, ತೆರಿಗೆ ಸೇರಿ ನಿಮ್ಮ ಜೇಬಿನಿಂದ ಹೊರಗೆ ಹೋದ ಹಣ. ಕೌಂಟರ್‌ನಲ್ಲಿ ಸಿಗುವ ಅತಿ ಸಣ್ಣ ಟಿಕೆಟ್‌ಗೆ ಎಲ್ಲ ಸೇರಿ 70 ರೂ. ಆಗುತ್ತದೆ ಎಂದರೆ ನಿಮ್ಮ ಯೂನಿಟ್ 70, ಸಿಗುವ ಬೆಟ್ 20 ಅಲ್ಲ, 14. ಬೆಟ್ ಸಂಖ್ಯೆ ಕಡಿಮೆಯಾಯಿತು ಎಂದು ಬ್ಯಾಂಕ್‌ರೋಲ್ ಏರಿಸಬಾರದು, ರೇಸ್ ಬಿಡಬೇಕು. ಒಂದು ದಿನ ಏಳೆಂಟು ರೇಸ್ ಇದ್ದರೆ ಎಲ್ಲದಕ್ಕೂ ಕಟ್ಟಲೇಬೇಕು ಎಂದು ಯಾರೂ ಹೇಳಿಲ್ಲ.

ಯಾವ ಬೆಟ್‌ಗೆ ಕಟ್ಟುತ್ತೀರಿ ಎನ್ನುವುದೂ ಯೂನಿಟ್‌ನ ಭಾಗವೇ. ವಿನ್ ಮತ್ತು ಪ್ಲೇಸ್ ಬೆಟ್‌ಗಳಲ್ಲಿ ಒಂದು ಕುದುರೆಯ ಲೆಕ್ಕ. ತಾನಾಲಾದಲ್ಲಿ ಮೊದಲ ಮೂರು ಸ್ಥಾನಗಳನ್ನು ಕ್ರಮವಾಗಿ ಹೇಳಬೇಕು, ಜಾಕ್‌ಪಾಟ್‌ನಲ್ಲಿ ಹಲವು ರೇಸ್‌ಗಳ ಗೆದ್ದ ಕುದುರೆಗಳನ್ನೆಲ್ಲ ಹೇಳಬೇಕು. ಇವುಗಳಲ್ಲಿ ಸತತ ಇಪ್ಪತ್ತು ಸೋಲು ಅಪರೂಪವಲ್ಲ, ಅದೇ ಸಾಮಾನ್ಯ. ಮೇಲಿನ ‘ನೂರರಲ್ಲಿ ಒಂದು’ ಲೆಕ್ಕ ಅಲ್ಲಿಗೆ ಅನ್ವಯಿಸುವುದಿಲ್ಲ.

ದುಪ್ಪಟ್ಟು ಸೂತ್ರ ಎಲ್ಲಿ ಮುರಿಯುತ್ತದೆ?

ಈಗ ಫಾರ್ವರ್ಡ್‌ಗೆ ಬರೋಣ. 50, 100, 200, 400. ನಾಲ್ಕು ಸೋಲಿಗೆ 750 ರೂ. ಹೋಯಿತು. ಐದನೆಯದಕ್ಕೆ 800 ಬೇಕು, ಕೈಯಲ್ಲಿ ಉಳಿದದ್ದು 250. ಸೂತ್ರ ಅಲ್ಲಿಗೆ ಸತ್ತಿತು. 1,000 ರೂ.ನ ಬ್ಯಾಂಕ್‌ರೋಲ್ ನಾಲ್ಕು ಸೋಲನ್ನು ಮಾತ್ರ ತಡೆಯುತ್ತದೆ ಎನ್ನುವುದನ್ನು ಮೆಸೇಜ್ ಹೇಳುವುದೇ ಇಲ್ಲ.

ಉದಾರವಾಗಿ ಲೆಕ್ಕ ಹಾಕೋಣ. ಗೆದ್ದರೆ ಹಾಕಿದಷ್ಟೇ ಲಾಭ ಬರುವ ಬೆಟ್, ಗೆಲ್ಲುವ ಸಾಧ್ಯತೆ ಶೇ. 45. ರೇಸ್‌ನಲ್ಲಿ ತೆರಿಗೆ ಕಳೆದ ಮೇಲೆ ಇಷ್ಟು ಒಳ್ಳೆಯ ಬೆಟ್ ಸಿಗುವುದೇ ಇಲ್ಲ ಎನ್ನಬಹುದು, ಆದರೂ ಇರಲಿ. ಸತತ ನಾಲ್ಕು ಸೋಲುವ ಸಾಧ್ಯತೆ ಶೇ. 9. ಅಂದರೆ ಯಾವುದೇ ಒಂದು ದಿನ 100 ಜನ ಈ ಸೂತ್ರ ಹಿಡಿದರೆ 91 ಜನ 50 ರೂ. ಗೆಲ್ಲುತ್ತಾರೆ, 9 ಜನ 750 ಕಳೆದುಕೊಳ್ಳುತ್ತಾರೆ. ಗೆದ್ದವರ ಒಟ್ಟು ಲಾಭ 4,550, ಸೋತವರ ಒಟ್ಟು ನಷ್ಟ 6,750. ಒಂದು ದಿನದಲ್ಲೇ ಗುಂಪು 2,200 ರೂ. ಕಳೆದುಕೊಂಡಿದೆ, ಆದರೂ 91 ಮನೆಗಳಲ್ಲಿ ‘ಸೂತ್ರ ಕೆಲಸ ಮಾಡುತ್ತೆ’ ಎಂಬ ಖುಷಿ.

ಹತ್ತು ದಿನ ಹೀಗೇ ನಡೆದರೆ ಆ 100 ಜನರಲ್ಲಿ 38 ಮಂದಿ ಒಂದು ಸಲವೂ ನಾಲ್ಕು ಸೋಲು ಕಾಣದೆ ಉಳಿದಿರುತ್ತಾರೆ. ಅವರ ಲಾಭ ತಲಾ ನಿಖರವಾಗಿ 500 ರೂ. ಆ ಸ್ಕ್ರೀನ್‌ಶಾಟ್ ಅವರದ್ದು. ಉಳಿದ 62 ಜನ ಸ್ಕ್ರೀನ್‌ಶಾಟ್ ತೆಗೆದು ಗ್ರೂಪ್‌ಗೆ ಹಾಕಲಿಲ್ಲ, ಯಾರೂ ಹಾಕುವುದಿಲ್ಲ. ಇಪ್ಪತ್ತು ದಿನಕ್ಕೆ ಉಳಿಯುವವರು ಸುಮಾರು 15. ಅವರು ಇನ್ನಷ್ಟು ಜೋರಾಗಿ ಹೇಳುತ್ತಾರೆ. ಹೀಗೆ ಒಂದು ಸುಳ್ಳೂ ಇಲ್ಲದೆ ಸುಳ್ಳು ಸೂತ್ರ ಹರಡುತ್ತದೆ.

‘ಹಾಗಾದರೆ 1,000 ಬದಲು 10,000 ಇಟ್ಟುಕೊಂಡರೆ?’ ಎಂದು ಕೆಲವರು ಕೇಳುತ್ತಾರೆ. ಆಗ ಏಳು ಸೋಲು ತಡೆಯಬಹುದು. ಏಳು ಸೋಲಿಗೆ ಹೋಗುವ ಹಣ 6,350, ಎಂಟನೆಯದಕ್ಕೆ 6,400 ಬೇಕು, ಉಳಿದದ್ದು 3,650. ಮುಳುಗುವ ದಿನ ಸ್ವಲ್ಪ ಮುಂದಕ್ಕೆ ಹೋಯಿತು, ಮುಳುಗಿದಾಗಿನ ಆಳ ಎಂಟೂವರೆ ಪಟ್ಟು ಹೆಚ್ಚಾಯಿತು. ಅಷ್ಟೂ ಹೊತ್ತು ಗೆಲ್ಲಲು ಹೊರಟದ್ದು ಅದೇ 50 ರೂಪಾಯಿ.

ಗೆದ್ದ ಹಣವನ್ನು ಏನು ಮಾಡಬೇಕು?

ಇದನ್ನು ಫಾರ್ವರ್ಡ್‌ಗಳು ಹೇಳುವುದಿಲ್ಲ, ಆದರೆ ಸಣ್ಣ ಬ್ಯಾಂಕ್‌ರೋಲ್ ಕರಗುವುದು ಹೆಚ್ಚಾಗಿ ಇಲ್ಲೇ. ಕ್ಲಬ್‌ನ ಪಾಲು, ತೆರಿಗೆ ಎಲ್ಲ ಹೋಗಿ ನೀವು ಕೊಟ್ಟ ಪ್ರತಿ 100 ರೂ.ನಲ್ಲಿ ಸರಾಸರಿ 70 ವಾಪಸ್ ಬರುತ್ತದೆ ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. 1,000 ರೂ.ಗಳನ್ನು ಒಂದು ಸುತ್ತು ಆಡಿದರೆ ಸರಾಸರಿ 700 ಉಳಿಯುತ್ತದೆ. ಆ 700ನ್ನೂ ಮತ್ತೆ ಆಡಿದರೆ 490. ಅದನ್ನೂ ಆಡಿದರೆ 343. ನಷ್ಟವನ್ನು ನಿರ್ಧರಿಸುವುದು ನೀವು ಎಷ್ಟು ಹಣ ತಂದಿರಿ ಎನ್ನುವುದು ಮಾತ್ರವಲ್ಲ, ಆ ಹಣ ಎಷ್ಟು ಸಲ ಕೌಂಟರ್ ದಾಟಿತು ಎನ್ನುವುದು. ‘ಗೆದ್ದ ಹಣದಲ್ಲಿ ತಾನೇ ಆಡ್ತಿರೋದು’ ಎನ್ನುವವರ ಹಣ ಹೆಚ್ಚು ಸಲ ದಾಟುತ್ತದೆ.

ಹಾಗಾಗಿ ಎರಡು ಜೇಬಿನ ಪದ್ಧತಿ. ಎಡ ಜೇಬಿನಲ್ಲಿ ಆ ದಿನದ ಬೆಟ್ ಹಣ, ಗೆದ್ದದ್ದು ಬಲ ಜೇಬಿಗೆ. ಬಲ ಜೇಬಿನ ಹಣ ಆ ದಿನ ಹೊರಗೆ ಬರುವುದಿಲ್ಲ. ಊರಿನ ರೇಸ್‌ಗಳ ನಡುವೆ ಹೈದರಾಬಾದ್, ಮುಂಬೈ, ಚೆನ್ನೈ ರೇಸ್‌ಗಳು ಟಿವಿ ಪರದೆಯಲ್ಲಿ ಬರುತ್ತಿದ್ದರೆ, ಅದಕ್ಕೂ ಅಲ್ಲೇ ಹಣ ಕಟ್ಟಬಹುದು. ನಾಲ್ಕು ಬೆಟ್ ಎಂದು ಹೋದವರು ಹದಿನೈದು ಬೆಟ್ ಕಟ್ಟಿ ಬರುವುದು ಈ ಪರದೆಗಳಿಂದ.

ದೊಡ್ಡ ಮೊತ್ತ ಬಂದರೆ ಇನ್ನೊಂದು ವಿಷಯ. ರೇಸ್‌ನಲ್ಲಿ ಗೆದ್ದ ಹಣಕ್ಕೆ ಶೇ. 30 ಆದಾಯ ತೆರಿಗೆ ಇದೆ, ಸೆಸ್ ಬೇರೆ. ಗೆದ್ದದ್ದು 10,000 ರೂ. ದಾಟಿದರೆ ಕೊಡುವಾಗಲೇ ಹಿಡಿದುಕೊಳ್ಳುತ್ತಾರೆ. ವರ್ಷವಿಡೀ ಸೋತದ್ದನ್ನು ಅದರಿಂದ ಕಳೆದು ತೋರಿಸುವ ಹಾಗಿಲ್ಲ. ‘ಒಂದು ದೊಡ್ಡ ಗೆಲುವು ಬಂದರೆ ಎಲ್ಲ ಸರಿಹೋಗುತ್ತದೆ’ ಎನ್ನುವ ಲೆಕ್ಕದಲ್ಲಿ ಇದನ್ನು ಯಾರೂ ಸೇರಿಸಿರುವುದಿಲ್ಲ.

ಲಾಸ್ ಲಿಮಿಟ್ ಕೆಲಸ ಮಾಡುವುದು ಯಾವಾಗ?

ಮಂಜುನಾಥ್‌ರ ತಿಂಗಳ ಮಿತಿ 1,000, ಎರಡು ದಿನಕ್ಕೆ ಹಂಚಿ ದಿನಕ್ಕೆ 500. ಒಂದು ಭಾನುವಾರ ಅವರು ಏಳು ರೇಸ್‌ಗೆ ಕಟ್ಟಿದರು. ಹೋದದ್ದು 350, ಒಂದು ಕುದುರೆ ಗೆದ್ದು 180 ಬಂತು. ಆ ದಿನದ ನಷ್ಟ 170.

ಎರಡನೇ ಸಲ ಹೋದಾಗ ಮೊದಲ ಐದು ರೇಸ್ ಸೋಲು. 250 ಹೋಗಿದೆ, 250 ಉಳಿದಿದೆ. ಲಿಮಿಟ್ ಒಡೆಯುವ ಗಳಿಗೆ ಇದು. ಆರನೇ ರೇಸ್‌ನ ಫೇವರಿಟ್ ಮೇಲೆ 250ನ್ನೂ ಹಾಕಿದರೆ ಎಲ್ಲ ವಾಪಸ್ ಬರುತ್ತದೆ ಎಂದು ಮನಸ್ಸು ಹೇಳುತ್ತದೆ, ಪಕ್ಕದಲ್ಲಿ ನಿಂತವರೂ ಅದನ್ನೇ ಹೇಳುತ್ತಾರೆ. ‘ಐದು ಸೋತಿದ್ದೀನಿ, ಈಗ ಗೆಲ್ಲಲೇಬೇಕು’ ಎನ್ನುವುದು ತಪ್ಪು ಲೆಕ್ಕ. ಆರನೇ ರೇಸ್‌ನ ಕುದುರೆಗೆ ನಿಮ್ಮ ಹಿಂದಿನ ಐದು ಟಿಕೆಟ್‌ಗಳ ವಿಷಯ ಗೊತ್ತಿಲ್ಲ. ಮಂಜುನಾಥ್ 50ರಂತೆಯೇ ಇನ್ನೂ ಮೂರು ಕಟ್ಟಿದರು, ಮೂರೂ ಸೋತವು. ಎಂಟಕ್ಕೆ ಎಂಟು ಸೋಲು, 400 ರೂ. ನಷ್ಟ. ಕೆಟ್ಟ ದಿನ ಅನ್ನಿಸುತ್ತದೆ, ಆದರೆ ಐದರಲ್ಲಿ ಒಂದು ಗೆಲ್ಲುವವರಿಗೆ ಎಂಟೂ ಸೋಲುವ ದಿನ ಆರಕ್ಕೊಮ್ಮೆ ಬಂದೇ ಬರುತ್ತದೆ. ತಿಂಗಳ ಬೆಟ್ ನಷ್ಟ 570, ಖರ್ಚಿನ 500 ಸೇರಿಸಿ ಒಟ್ಟು 1,070. ಮಿತಿಯ ಒಳಗೇ ಇದೆ.

ಮನಸ್ಸಿನಲ್ಲಿ ಇಟ್ಟುಕೊಂಡ ಲಿಮಿಟ್ ಆರನೇ ರೇಸ್‌ವರೆಗೆ ಮಾತ್ರ ಬಾಳುತ್ತದೆ. ಜೇಬಿನಲ್ಲಿ ಇಟ್ಟುಕೊಂಡದ್ದು ಬಾಳುತ್ತದೆ. 500 ರೂ. ನಗದು, ವಾಪಸ್ ಬರಲು ಮೆಟ್ರೊ ಕಾರ್ಡ್, ಅಷ್ಟೇ. ಎಟಿಎಂ ಕಾರ್ಡ್ ಮನೆಯಲ್ಲಿ. ಫೋನ್ ಬಿಟ್ಟು ಹೋಗಲು ಆಗುವುದಿಲ್ಲ ಎನ್ನುವವರು ತಮ್ಮ ಬ್ಯಾಂಕಿನ ಆ್ಯಪ್‌ನಲ್ಲಿ ಸೌಲಭ್ಯವಿದ್ದರೆ ಹಿಂದಿನ ರಾತ್ರಿಯೇ ಯುಪಿಐ ದಿನದ ಮಿತಿಯನ್ನು ಇಳಿಸಿಡಬಹುದು. ಜೊತೆಯಲ್ಲಿ ಬಂದವರ ಹತ್ತಿರ ‘ಐನೂರು ಕೊಡೋ, ನಾಳೆ ಕೊಡ್ತೀನಿ’ ಎನ್ನುವ ದಾರಿಯೊಂದು ಉಳಿಯುತ್ತದೆ. ಅದಕ್ಕೆ ಹೋಗುವ ಮೊದಲೇ ಅವರಿಗೆ ‘ಕೇಳಿದರೂ ಕೊಡಬೇಡ’ ಎಂದು ಹೇಳಿಡುವುದು ಒಳ್ಳೆಯದು.

ಮುಂದಿನ ತಿಂಗಳ 1,000ದಿಂದ ಈ ತಿಂಗಳೇ 200 ತೆಗೆದುಕೊಂಡರೆ ಅದು ಸಾಲವೇ, ಕೊಟ್ಟವರು ನೀವೇ ಆದರೂ. ಹಾಗೆಯೇ ಈ ತಿಂಗಳು ಉಳಿದ 430ನ್ನು ಮುಂದಿನ ತಿಂಗಳಿಗೆ ಸೇರಿಸಿ ಯೂನಿಟ್ 70 ಮಾಡುವುದೂ ಬೇಡ. ಉಳಿದದ್ದು ಮನೆಯ ಲೆಕ್ಕಕ್ಕೆ ಹೋಗಲಿ.

ಇದೆಲ್ಲ ಪಾಲಿಸುತ್ತಿದ್ದೀರಾ ಇಲ್ಲವಾ ಎಂದು ತಿಳಿಯಲು ಒಂದು ಸಣ್ಣ ಪುಸ್ತಕ ಸಾಕು. ತಾರೀಖು, ಕೊಟ್ಟದ್ದು, ಬಂದದ್ದು, ಮೂರೇ ಕಾಲಂ. ಆರು ತಿಂಗಳ ನಂತರ ‘ಕೊಟ್ಟದ್ದು’ ಕಾಲಂ ಕೂಡಿ ನೋಡಿ. ಎಲ್ಲ ಸಾಲುಗಳಲ್ಲೂ 50 ಇದ್ದರೆ ಸರಿ. ದಿನದ ಕೊನೆಯ ಸಾಲುಗಳಲ್ಲಿ 100, 150 ಎಂದು ಏರಿದ್ದರೆ, ಬರೆಯದೇ ಬಿಟ್ಟ ದಿನಗಳಿದ್ದರೆ, ಬೆಟ್ ಕಟ್ಟುತ್ತಿರುವುದು ಯೂನಿಟ್ ಲೆಕ್ಕದಲ್ಲಿ ಅಲ್ಲ, ಹೋದದ್ದನ್ನು ವಾಪಸ್ ತರುವ ಹಟದಲ್ಲಿ. ಸೋತ ಹಣ ವಾಪಸ್ ತರಲು ಇನ್ನೊಂದು ದಿನ ಮತ್ತೆ ಹೋಗುವುದು, ಎಷ್ಟು ಆಡುತ್ತೇನೆ ಎಂಬುದನ್ನು ಮನೆಯವರಿಂದ ಮುಚ್ಚಿಡುವುದು, ಅದಕ್ಕಾಗಿ ಬೇರೆಯವರ ಹಣದ ಮೇಲೆ ಅವಲಂಬಿಸುವುದು, ಇವು ಜೂಜಿನ ಚಟವನ್ನು ಗುರುತಿಸಲು ಮನೋವೈದ್ಯರು ಬಳಸುವ ಒಂಬತ್ತು ಲಕ್ಷಣಗಳಲ್ಲಿ ಸೇರಿವೆ. ಒಂದು ವರ್ಷದೊಳಗೆ ನಾಲ್ಕು ಕಂಡರೆ ಅದು ಕಾಯಿಲೆ ಎಂದೇ ಲೆಕ್ಕ.

ಲಿಮಿಟ್ ಎರಡು ತಿಂಗಳು ಸತತವಾಗಿ ಮುರಿದಿದ್ದರೆ ಹೊಸ ಲಿಮಿಟ್ ಹಾಕಿಕೊಳ್ಳುವುದರಿಂದ ಪ್ರಯೋಜನವಿಲ್ಲ, ಅಂಥವರಿಗೆ ಸರಿಯಾದ ಬ್ಯಾಂಕ್‌ರೋಲ್ ಸೊನ್ನೆಯೇ. 14416 ಟೆಲಿ ಮಾನಸ್ ಸಹಾಯವಾಣಿಯ ನಂಬರ್, ಕರೆ ಉಚಿತ, ಕನ್ನಡದಲ್ಲಿ ಮಾತಾಡಬಹುದು. ಮನೆಯವರ ಪರವಾಗಿ ಹೆಂಡತಿಯೋ ಅಣ್ಣನೋ ಕೂಡ ಕರೆ ಮಾಡಿ ಕೇಳಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಚಟಗಳ ಚಿಕಿತ್ಸೆಗೆಂದೇ ಪ್ರತ್ಯೇಕ ವಿಭಾಗವಿದೆ.